ವೈಟ್‌ಬೋರ್ಡಿನ ಫೋಟೊ: ಹೊಳಪು, ಅರೆ ಅಳಿದ ಗೆರೆ, ಬಾಣ – ಯಾವುದಕ್ಕೆ ಯಾವ ದಾರಿ?

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ರಾಯಚೂರಿನ ಕೋಚಿಂಗ್ ತರಗತಿಗಳಲ್ಲಿ ದಿನದ ಕೆಲಸ ಇಂದಿಗೂ ವೈಟ್‌ಬೋರ್ಡಿನ ಮೇಲೆಯೇ ತೀರ್ಮಾನವಾಗುತ್ತದೆ. ಒರೆಸುವ ಮೊದಲು ಯಾರಾದರೂ ಮೊಬೈಲಿನಲ್ಲಿ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಮರುದಿನ ಅದನ್ನು ತೆರೆದವರಿಗೆ ನಡುವೆ ಒಂದು ಬಿಳಿ ಬೆಳಕಿನ ಮಚ್ಚೆ, ಮೂಲೆಯಲ್ಲಿ ಇದೆಯೋ ಇಲ್ಲವೋ ಎನ್ನಿಸುವ ಮಾಸಲು ಅಕ್ಷರ, ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುವ ಬಾಣಗಳು ಕಾಣುತ್ತವೆ.

ಈ ಮೂರೂ ಬೇರೆ ಬೇರೆ ತೊಂದರೆಗಳು. ಹೊಳಪು ಫೋಟೊ ತೆಗೆಯುವ ಕ್ಷಣದ ತೊಂದರೆ, ಅದನ್ನು ಅಲ್ಲಿಯೇ ನಿವಾರಿಸಬೇಕು. ಅರೆ ಅಳಿದ ಗೆರೆಯ ತೊಂದರೆ ಇರುವುದು ಅರ್ಥದಲ್ಲಿ: ಆ ಮಾತು ರದ್ದಾಗಿದೆಯೋ ಉಳಿದಿದೆಯೋ ಎಂಬುದನ್ನು ಬರೆದವರೇ ಹೇಳಬೇಕು. ಬಾಣದ ತೊಂದರೆ ಅಕ್ಷರಕ್ಕೆ ಸಂಬಂಧಿಸಿದ್ದಲ್ಲ, ಅದು ಎರಡು ಮಾತುಗಳ ನಡುವಿನ ಕೊಂಡಿ. ಆದ್ದರಿಂದ ‘ಒಳ್ಳೆಯ ಸ್ಕ್ಯಾನ್ ಆ್ಯಪ್ ಯಾವುದು’ ಎಂಬ ಪ್ರಶ್ನೆಗಿಂತ ‘ಈ ಬೋರ್ಡಿನಲ್ಲಿ ಯಾವುದನ್ನು ಕಳೆದುಕೊಂಡರೆ ನನಗೆ ನಷ್ಟ’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಒಂದು ತೊಂದರೆಯನ್ನು ಚೆನ್ನಾಗಿ ನಿವಾರಿಸುವ ಸಾಧನ ಇನ್ನೊಂದನ್ನು ಕೆಡಿಸುತ್ತದೆ ಎಂಬುದನ್ನು ಮುಂದೆ ಒಂದು ಉದಾಹರಣೆಯಲ್ಲೇ ನೋಡೋಣ.

ಉದಾಹರಣೆಯ ಬೋರ್ಡ್

ಬಳ್ಳಾರಿಯ ಒಂದು ಸಣ್ಣ ಜೀನ್ಸ್ ಘಟಕದ ಬೋರ್ಡ್ ಅದು. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎದುರಿಗೆ ರಸ್ತೆಯ ಕಡೆಗೆ ತೆರೆದ ರೋಲಿಂಗ್ ಶಟರ್. ಎಡಗಡೆ ಲಾಟ್ ಸಂಖ್ಯೆಗಳ ಸಾಲು, ನಡುವೆ ಹೊಲಿಗೆ ಮಾಡಿಕೊಡುವ ಜಾಬ್‌ವರ್ಕ್ ಮನೆಗಳ ಹೆಸರುಗಳು, ಬಲಗಡೆ ವಾಷಿಂಗ್ ಬಗೆಗಳು: ಸ್ಟೋನ್ ವಾಷ್, ಎಂಜೈಮ್ ವಾಷ್, ಸಾದಾ ವಾಷ್. ಯಾವ ಲಾಟ್ ಎಲ್ಲಿ ಹೊಲಿಗೆಯಾಗಿ ಯಾವ ವಾಷಿಗೆ ಹೋಗಬೇಕು ಎಂಬುದನ್ನು ಬಾಣಗಳೇ ಹೇಳುತ್ತವೆ.

ಲಾಟ್ 14ರಿಂದ ಸ್ಟೋನ್ ವಾಷಿಗೆ ಮೊದಲು ನೀಲಿ ಬಾಣ ಎಳೆದಿದ್ದರು. ಮಧ್ಯಾಹ್ನ ತೀರ್ಮಾನ ಬದಲಾಯಿತು. ಆ ಬಾಣವನ್ನು ಕೈಯಿಂದ ಒರೆಸಿ, ಎಂಜೈಮ್ ವಾಷಿಗೆ ಹಸಿರು ಬಾಣ ಎಳೆದರು. ಒರೆಸಿದ ಬಾಣ ಪೂರ್ತಿ ಹೋಗಲಿಲ್ಲ. ಹಸಿರು ಮಾರ್ಕರಿನಲ್ಲಿ ಶಾಯಿ ಮುಗಿಯುತ್ತ ಬಂದಿದ್ದರಿಂದ ಹೊಸ ಬಾಣವೂ ತೆಳುವಾಗಿಯೇ ಬಿತ್ತು. ಅಂದರೆ ಬೋರ್ಡಿನ ಮೇಲೆ ರದ್ದಾದ ಬಾಣವೂ ಜಾರಿಯಲ್ಲಿರುವ ಬಾಣವೂ ಹೆಚ್ಚುಕಡಿಮೆ ಒಂದೇ ಮಸುಕಿನಲ್ಲಿದ್ದವು. ಸಾಲದ್ದಕ್ಕೆ ಆ ಎರಡೂ ಬಾಣಗಳ ತುದಿಯ ಮೇಲೆಯೇ ಶಟರಿನ ಬೆಳಕಿನ ಮಚ್ಚೆ.

ಇಲ್ಲಿ ತಪ್ಪಿದರೆ ಸರಿಪಡಿಸುವ ಅವಕಾಶವಿಲ್ಲ. ಸ್ಟೋನ್ ವಾಷಿನಲ್ಲಿ ಪ್ಯೂಮಿಸ್ ಕಲ್ಲುಗಳ ಜೊತೆ ಬಟ್ಟೆಯನ್ನು ಉರುಳಿಸುತ್ತಾರೆ, ಎಂಜೈಮ್ ವಾಷಿನಲ್ಲಿ ಸೆಲ್ಯುಲೇಸ್ ಎಂಬ ಕಿಣ್ವ ಹತ್ತಿಯ ನೂಲಿನ ಮೇಲ್ಪದರವನ್ನು ಸವೆಸುತ್ತದೆ. ಎರಡರ ನೋಟವೂ ಬೇರೆ, ಮುಟ್ಟಿದರೆ ಸಿಗುವ ಅನುಭವವೂ ಬೇರೆ. ಕಲ್ಲಿಗೆ ಉಜ್ಜಿಹೋದ ಬಣ್ಣ ಮರಳಿ ಬರುವುದಿಲ್ಲ.

ಹೊಳಪು: ಜಾಗ ಬದಲಿಸುವುದೋ, ಎರಡು ಫೋಟೊ ತೆಗೆಯುವುದೋ, ಫಿಲ್ಟರ್ ಹಾಕುವುದೋ

ಬೋರ್ಡ್ ಒಂದು ಮಂದ ಕನ್ನಡಿ ಎಂದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಬೆಳಕು ಯಾವ ಕೋನದಲ್ಲಿ ಬೋರ್ಡಿಗೆ ಬೀಳುತ್ತದೆಯೋ ಅದೇ ಕೋನದಲ್ಲಿ ಮತ್ತೊಂದು ಕಡೆಗೆ ಹೊರಡುತ್ತದೆ. ನೀವು ನಿಂತ ಜಾಗದಿಂದ ಬೋರ್ಡಿನಲ್ಲಿ ಏನು ಪ್ರತಿಬಿಂಬಿಸುತ್ತಿದೆ ಎಂದು ನೋಡಿ. ಶಟರೋ ಟ್ಯೂಬ್‌ಲೈಟೋ ಕಂಡರೆ ಅಲ್ಲಿ ಮಚ್ಚೆ ಬೀಳುತ್ತದೆ. ಎದುರಿನ ಕತ್ತಲೆ ಗೋಡೆಯೋ ಬಟ್ಟೆಯ ರಾಶಿಯೋ ಪ್ರತಿಬಿಂಬಿಸುವ ಜಾಗ ಹುಡುಕಿಕೊಂಡರೆ ಮಚ್ಚೆ ತಾನಾಗಿಯೇ ಹೋಗುತ್ತದೆ. ಫ್ಲ್ಯಾಷ್ ಮಾತ್ರ ಎಂದಿಗೂ ಬೇಡ. ಬೋರ್ಡಿಗೆ ನೇರವಾಗಿ ನಿಂತು ಫ್ಲ್ಯಾಷ್ ಹಾಕಿದರೆ ಅದರ ಬೆಳಕು ನೇರವಾಗಿ ಲೆನ್ಸಿಗೇ ಮರಳುತ್ತದೆ.

ನನ್ನ ಮೊದಲ ಆಯ್ಕೆ ಯಾವಾಗಲೂ ಇದೇ: ಜಾಗ ಬದಲಿಸುವುದು. ಇದಕ್ಕೆ ಖರ್ಚಿಲ್ಲ, ಆ್ಯಪ್ ಬೇಕಿಲ್ಲ. ಬೋರ್ಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸುಮಾರು 30 ಡಿಗ್ರಿ ಸರಿಯಿರಿ. ಚಿತ್ರ ಓರೆಯಾಗಿ ಬರುತ್ತದೆ, ಆದರೆ ಅದನ್ನು ನಾಲ್ಕು ಮೂಲೆ ಗುರುತಿಸಿ ನೇರ ಮಾಡುವ ಸೌಲಭ್ಯ ಬಹುತೇಕ ಸ್ಕ್ಯಾನ್ ಆ್ಯಪ್‌ಗಳಲ್ಲಿ ಇದೆ. ಹೆಚ್ಚು ಓರೆಯಾಗುವುದು ಮಾತ್ರ ಬೇಡ. 40 ಡಿಗ್ರಿಯಲ್ಲಿ ಬೋರ್ಡಿನ ಅಗಲ ಮುಕ್ಕಾಲಿಗೆ ಕುಗ್ಗುತ್ತದೆ, 60 ಡಿಗ್ರಿಯಲ್ಲಿ ಅರ್ಧಕ್ಕೆ. ದೂರದ ಅಂಚಿನ ಅಕ್ಷರಗಳು ಅದಕ್ಕಿಂತಲೂ ಸಣ್ಣದಾಗುತ್ತವೆ. ಅವನ್ನು ಆಮೇಲೆ ಎಳೆದು ಅಗಲಿಸಿದರೆ ನೇರವಾಗಿ ಕಾಣುತ್ತವೆಯೇ ಹೊರತು ಕ್ಯಾಮೆರಾ ಹಿಡಿಯದ ವಿವರ ಹೊಸದಾಗಿ ಹುಟ್ಟುವುದಿಲ್ಲ.

ಪಕ್ಕಕ್ಕೆ ಸರಿಯಲು ಜಾಗವಿಲ್ಲದಿದ್ದರೆ ಹಿಂದಕ್ಕೆ ಸರಿದು 2x ಜೂಮಿನಲ್ಲಿ ತೆಗೆಯಿರಿ. ದೂರದಿಂದ ನೋಡಿದಾಗ ಬೋರ್ಡ್ ಕೋಣೆಯ ಕಿರಿದಾದ ಭಾಗವನ್ನಷ್ಟೇ ಪ್ರತಿಬಿಂಬಿಸುತ್ತದೆ. ಹೀಗಾಗಿ ದೀಪವನ್ನು ತಪ್ಪಿಸುವ ಜಾಗ ಸುಲಭವಾಗಿ ಸಿಗುತ್ತದೆ. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ತೆಗೆದರೆ ಇಡೀ ಕೋಣೆಯ ದೀಪಗಳೆಲ್ಲ ಬೋರ್ಡಿನೊಳಗೆ ಬಂದು ಕೂರುತ್ತವೆ.

ಇನ್ನೊಂದು ಸಣ್ಣ ಕೆಲಸದಿಂದ ದೊಡ್ಡ ಲಾಭವಿದೆ. ಪರದೆಯ ಮೇಲೆ ಬೋರ್ಡಿನ ಅತಿ ಬೆಳಕಿನ ಜಾಗವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಬೋರ್ಡ್ ಬೂದು ಬಣ್ಣಕ್ಕೆ ತಿರುಗುತ್ತದೆ. ಅನೇಕರು ಇದನ್ನು ಕೆಟ್ಟ ಫೋಟೊ ಎಂದುಕೊಂಡು ಬೆಳಕು ಹೆಚ್ಚಿಸಿಬಿಡುತ್ತಾರೆ, ಆದರೆ ಬೂದು ಚಿತ್ರವೇ ನಮಗೆ ಬೇಕಾದದ್ದು. ಬೂದಿನಲ್ಲಿ ಅಡಗಿದ ಗೆರೆಯನ್ನು ಆಮೇಲೆ ಎತ್ತಿ ತೋರಿಸಬಹುದು. ಪೂರ್ತಿ ಬಿಳಿಯಾದ ಜಾಗದಲ್ಲಿ ಕ್ಯಾಮೆರಾದ ಅಳತೆ ತುದಿ ಮುಟ್ಟಿರುತ್ತದೆ, ಅಲ್ಲಿ ಗೆರೆಗೂ ಬೋರ್ಡಿಗೂ ಒಂದೇ ಬೆಲೆ ದಾಖಲಾಗಿರುತ್ತದೆ. ಅದನ್ನು ಯಾವ ಆ್ಯಪೂ ಹೊರತೆಗೆಯಲಾರದು.

ನಿಮ್ಮ ಕೈಯಲ್ಲಿರುವ ಹಳೆಯ ಫೋಟೊ ಯಾವ ಬಗೆಯದು ಎಂದು ತಿಳಿಯಲು ಎಡಿಟ್‌ಗೆ ಹೋಗಿ ಬೆಳಕನ್ನು ಪೂರ್ತಿ ಇಳಿಸಿ ನೋಡಿ. ಮಚ್ಚೆಯ ಒಳಗೆ ಗೆರೆಗಳು ಮಸುಕಾಗಿ ಮೂಡಿದರೆ ಆಸೆ ಇದೆ. ಮಚ್ಚೆ ಒಂದೇ ಸಮನಾದ ಬೂದು ಬಣ್ಣಕ್ಕೆ ಇಳಿದರೆ ಅಲ್ಲಿದ್ದದ್ದು ಹೋಯಿತು. ಬೋರ್ಡಿನಲ್ಲಿ ಬರಹ ಇನ್ನೂ ಇದ್ದರೆ ಓಡಿಹೋಗಿ ಮತ್ತೊಮ್ಮೆ ತೆಗೆಯುವುದೊಂದೇ ದಾರಿ.

ಎರಡನೆಯ ಆಯ್ಕೆ, ಎಡದಿಂದ ಒಂದು, ಬಲದಿಂದ ಒಂದು ಫೋಟೊ. ಬರಹ ಬೋರ್ಡಿನ ಮೇಲೆ ಅಲ್ಲೇ ಇರುತ್ತದೆ, ಮಚ್ಚೆ ಮಾತ್ರ ನೀವು ಸರಿದಂತೆ ಸರಿಯುತ್ತದೆ. ಒಂದರಲ್ಲಿ ಮುಚ್ಚಿದ ಜಾಗ ಇನ್ನೊಂದರಲ್ಲಿ ತೆರೆದಿರುತ್ತದೆ. ಹಳೆಯ ಮುದ್ರಿತ ಫೋಟೊಗಳಿಗೆಂದು ಗೂಗಲ್ ಮಾಡಿದ ಫೋಟೊಸ್ಕ್ಯಾನ್ ಆ್ಯಪ್ ಹೊಳಪನ್ನು ತೆಗೆಯುವುದೂ ಇದೇ ತತ್ವದಿಂದ: ಫೋನನ್ನು ಸರಿಸುತ್ತ ಹಲವು ಚಿತ್ರ ತೆಗೆಸಿ ಒಂದು ಮಾಡುತ್ತದೆ. ಬೋರ್ಡಿಗೆ ನೀವೇ ಇದನ್ನು ಮಾಡಬಹುದು. ಎರಡೂ ಚಿತ್ರಗಳನ್ನು ನಾಲ್ಕು ಮೂಲೆ ಹಿಡಿದು ನೇರ ಮಾಡಿ, ಒಂದೇ ಅಳತೆಗೆ ತಂದು, ಒಂದರ ಮೇಲೊಂದು ಇಟ್ಟು, ಪ್ರತಿ ಬಿಂದುವಿನಲ್ಲೂ ಹೆಚ್ಚು ಕಪ್ಪಾದುದನ್ನು ಉಳಿಸಿಕೊಳ್ಳಬೇಕು. ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ಮೇಲಿನ ಪದರಕ್ಕೆ Darken only ಎಂದು ಕೊಟ್ಟರೆ ಸಾಕು. ಕಂಪ್ಯೂಟರಿನಲ್ಲಿ ಆಜ್ಞೆ ಕೊಟ್ಟು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ಇದ್ದರೆ ಒಂದೇ ಸಾಲು:

```
magick eda.png bala.png -evaluate-sequence min ondu.png
```

ಮೂಲೆಗಳನ್ನು ಗುರುತಿಸುವುದರಲ್ಲಿ ಕೂದಲೆಳೆ ತಪ್ಪಿದರೂ ಅಕ್ಷರಗಳು ಜೋಡಿಯಾಗಿ ಕಾಣುತ್ತವೆ. ಎರಡೂ ಫೋಟೊಗಳಲ್ಲಿ ಬಿದ್ದ ನಿಮ್ಮ ನೆರಳುಗಳೂ ಸೇರಿಕೊಳ್ಳುತ್ತವೆ, ಏಕೆಂದರೆ ನೆರಳೂ ಕಪ್ಪೇ. ಆದ್ದರಿಂದ ಕೂಡಿಸುವ ಕೆಲಸವನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಎರಡು ಫೋಟೊ ತೆಗೆದು ಎರಡನ್ನೂ ಹಾಗೆಯೇ ಇಟ್ಟುಕೊಂಡರೆ ಓದುವವರು ಅದರಲ್ಲೊಂದು ಇದರಲ್ಲೊಂದು ನೋಡಿಕೊಳ್ಳುತ್ತಾರೆ. ಬೋರ್ಡನ್ನು ಮುದ್ರಿಸಿ ಗೋಡೆಗೆ ಹಚ್ಚಬೇಕಿದ್ದರೆ ಮಾತ್ರ ಕೂಡಿಸುವ ಶ್ರಮ ಪಡಿ.

ಮೂರನೆಯದು ಪೋಲರೈಸಿಂಗ್ ಫಿಲ್ಟರ್. ಫೋನಿನ ಲೆನ್ಸಿಗೆ ಕ್ಲಿಪ್ ಹಾಕುವಂಥವು ಸಿಗುತ್ತವೆ, ಪೋಲರೈಸ್ಡ್ ತಂಪು ಕನ್ನಡಕದ ಗಾಜನ್ನು ಲೆನ್ಸಿನ ಮುಂದೆ ಹಿಡಿದು ತಿರುಗಿಸಿದರೂ ಪರಿಣಾಮ ಕಾಣಬಹುದು. ಆದರೆ ಇದರ ಮಿತಿ ತಿಳಿದಿರಲಿ. ಗಾಜು, ಪ್ಲಾಸ್ಟಿಕ್ಕಿನಂಥ ಮೇಲ್ಮೈಯಿಂದ ಹೊರಡುವ ಪ್ರತಿಫಲನ ಚೆನ್ನಾಗಿ ಪೋಲರೈಸ್ ಆಗುವುದು ನೇರ ರೇಖೆಯಿಂದ ಸುಮಾರು 56 ಡಿಗ್ರಿ ಓರೆಯಲ್ಲಿ. ಬೋರ್ಡಿನ ಎದುರು ನೇರ ನಿಂತರೆ ಫಿಲ್ಟರ್ ಬೆಳಕನ್ನು ಕಡಿಮೆ ಮಾಡುತ್ತದೆ, ಮಚ್ಚೆಯನ್ನು ಹಾಗೆಯೇ ಬಿಡುತ್ತದೆ. ಅಷ್ಟು ಓರೆಗೆ ಸರಿಯಲು ಜಾಗವಿದ್ದರೆ ಸಾಮಾನ್ಯವಾಗಿ ಫಿಲ್ಟರೇ ಬೇಕಾಗುವುದಿಲ್ಲ. ದಿನವೂ ಒಂದೇ ಇಕ್ಕಟ್ಟಾದ ಕೋಣೆಯಲ್ಲಿ ಪಕ್ಕದಿಂದಲೇ ಫೋಟೊ ತೆಗೆಯಬೇಕಾದವರಿಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ನಮ್ಮ ಲಾಟ್ 14ರ ಬೋರ್ಡಿಗೆ ಶಟರನ್ನು ಅರ್ಧ ಇಳಿಸಿದ್ದೇ ಸಾಕಾಯಿತು. ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನ ಮುಂದೆ ಒಳಗಿನ ಟ್ಯೂಬ್‌ಲೈಟಿನ ಹೊಳಪು ಲೆಕ್ಕಕ್ಕೇ ಇರಲಿಲ್ಲ.

ಅರೆ ಅಳಿದ ಗೆರೆ: ಬಣ್ಣದ ಫೋಟೊವೋ, ವೈಟ್‌ಬೋರ್ಡ್ ಮೋಡೋ

ಅಡೋಬ್ ಸ್ಕ್ಯಾನ್‌ನಂಥ ಆ್ಯಪ್‌ಗಳಲ್ಲಿ ವೈಟ್‌ಬೋರ್ಡ್ ಎಂಬ ಬೇರೆಯೇ ಮೋಡ್ ಇರುತ್ತದೆ. ಅಂಥ ಮೋಡ್ ಮಾಡುವ ಕೆಲಸ ಎರಡು. ಹಿನ್ನೆಲೆಯ ಏರುಪೇರು ಬೆಳಕನ್ನು ಸಮ ಮಾಡಿ ಬಿಳಿಯಾಗಿಸುತ್ತದೆ, ಹಿನ್ನೆಲೆಗಿಂತ ಸಾಕಷ್ಟು ಕಪ್ಪಾಗಿರುವುದನ್ನು ಬರಹ ಎಂದು ತೀರ್ಮಾನಿಸಿ ಗಾಢ ಮಾಡುತ್ತದೆ. ‘ಸಾಕಷ್ಟು’ ಎಂದರೆ ಎಷ್ಟು ಎಂಬ ಗೆರೆಯನ್ನು ಎಳೆಯುವುದು ಆ್ಯಪ್, ನೀವಲ್ಲ. ಆ ಗೆರೆಯ ಈಚೆಗಿದ್ದದ್ದು ಮಾಯವಾಗುತ್ತದೆ, ಆಚೆಗಿದ್ದದ್ದು ಹೊಸದಾಗಿ ಬರೆದಷ್ಟೇ ಕಪ್ಪಾಗುತ್ತದೆ. ನಡುವಿನ ಮಸುಕು ಉಳಿಯುವುದೇ ಇಲ್ಲ. ಅರೆ ಅಳಿದ ಗೆರೆಯ ಗುರುತೇ ಅದರ ಮಸುಕು, ಹೀಗಾಗಿ ಈ ಮೋಡ್ ಅಳಿಸಿಹಾಕುವುದು ನಮಗೆ ತೀರಾ ಬೇಕಾದದ್ದನ್ನೇ.

ಬೆಳಕು ಏರುಪೇರಾದ ಚಿತ್ರಕ್ಕೆ ಇಡೀ ಬೋರ್ಡಿಗೆಲ್ಲ ಒಂದೇ ಅಳತೆ ಹಾಕಿದರೆ ನೆರಳಿನ ಮೂಲೆ ಪೂರ್ತಿ ಕಪ್ಪಾಗುತ್ತದೆ. ಅದಕ್ಕಾಗಿ ಪ್ರತಿ ಸಣ್ಣ ಭಾಗಕ್ಕೂ ಅಕ್ಕಪಕ್ಕದ ಬೆಳಕು ನೋಡಿ ಬೇರೆ ಬೇರೆ ಅಳತೆ ಹಾಕುವ ವಿಧಾನಗಳಿವೆ. ಇವುಗಳಲ್ಲಿ ಇನ್ನೊಂದು ತೊಡಕಿದೆ. ಗಟ್ಟಿ ಬರಹವೇ ಇಲ್ಲದ ಖಾಲಿ ಭಾಗದಲ್ಲಿ, ಅಲ್ಲಿರುವ ಅತಿ ಮಸುಕಾದ ಗೆರೆಯೇ ಅಕ್ಕಪಕ್ಕಕ್ಕಿಂತ ಕಪ್ಪಾಗಿರುವುದರಿಂದ, ಅದನ್ನೇ ಎತ್ತಿ ಹಿಡಿಯುತ್ತವೆ. ಹೋದ ವಾರ ಒರೆಸಿದ ಅಂಕಿ ಇಂದಿನ ಅಂಕಿಯಾಗಿ ಎದ್ದು ಬರುವುದು ಹೀಗೆ.

ಲಾಟ್ 14ರಲ್ಲಿ ಆದದ್ದೂ ಇದೇ. ವೈಟ್‌ಬೋರ್ಡ್ ಮೋಡಿನಲ್ಲಿ ತೆಗೆದ ಚಿತ್ರದಲ್ಲಿ ನೀಲಿ ಬಾಣವೂ ಹಸಿರು ಬಾಣವೂ ಒಂದೇ ಗಾಢತೆಯಲ್ಲಿ, ಎರಡೂ ಜೀವಂತವೆಂಬಂತೆ ನಿಂತಿದ್ದವು. ಅದನ್ನು ನೋಡಿದ ವಾಷಿಂಗ್ ಘಟಕದ ಹುಡುಗ ಫೋನ್ ಮಾಡಿ, “ಅಣ್ಣಾ, ಎರಡು ಬಾಣ ಇವೆಯಲ್ಲ, ಅರ್ಧರ್ಧ ಹಾಕಬೇಕೇ?” ಎಂದು ಕೇಳಿದ. ಕೇಳಿದ್ದು ಪುಣ್ಯ. ಅದೇ ಬೋರ್ಡಿನ ಸಾದಾ ಬಣ್ಣದ ಫೋಟೊದಲ್ಲಿ ವ್ಯತ್ಯಾಸ ಸ್ಪಷ್ಟವಿತ್ತು. ನೀಲಿ ಬಾಣದ ಸುತ್ತ ಕೈ ಸರಿದ ದಿಕ್ಕಿಗೆ ನೀಲಿ ಮಬ್ಬು ಹರಡಿತ್ತು, ಗೆರೆ ಅಲ್ಲಲ್ಲಿ ತುಂಡಾಗಿತ್ತು. ಹಸಿರು ಗೆರೆ ತೆಳುವಾದರೂ ಅಂಚು ಚೂಪಾಗಿತ್ತು, ನಡುನಡುವೆ ಒಣ ಮಾರ್ಕರ್ ಬಿಡುವ ಉದ್ದುದ್ದ ಬಿಳಿ ಗೀರುಗಳಿದ್ದವು. ಎರಡೂ ಸೇರುವ ಜಾಗದಲ್ಲಿ ಹಸಿರು ಗೆರೆ ನೀಲಿ ಮಬ್ಬಿನ ಮೇಲೆ ಹಾದುಹೋಗಿತ್ತು, ಅಂದರೆ ಒರೆಸಿದ ಮೇಲೆ ಎಳೆದದ್ದು.

ಮಸುಕಾದ ಗೆರೆ ಕಂಡಾಗ ನೋಡಬೇಕಾದವು ಇವೇ: ಮಬ್ಬು ಹರಡಿದೆಯೇ, ಅಂಚು ಚೂಪೇ, ಯಾವುದು ಯಾವುದರ ಮೇಲೆ ಹಾದಿದೆ. ಅಗಲವಾದ ಪಟ್ಟಿಯಂತೆ ಒಂದೇ ಕಡೆ ಹಲವು ಅಕ್ಷರಗಳ ನಡುಭಾಗ ಮಾತ್ರ ಹೋಗಿದ್ದರೆ ಅದು ಬೇಕೆಂದು ಒರೆಸಿದ್ದಲ್ಲ, ಯಾರದೋ ತೋಳು ತಾಗಿದ್ದು ಎಂದು ಊಹಿಸಬಹುದು. ಬೋರ್ಡಿನ ತುಂಬ ಹಳೆಯ ಬರಹದ ನೆರಳೇ ಇದ್ದರೆ ಮೇಲ್ಮೈ ಸವೆದಿದೆ ಎಂದರ್ಥ. ಮಾರ್ಕರಿನ ಶಾಯಿಯಲ್ಲಿರುವ ಆಲ್ಕೊಹಾಲ್ ಆರಿದ ಮೇಲೆ ಬಣ್ಣದ ಪುಡಿ ಜಾರುವ ಪದರದ ಮೇಲೆ ಕುಳಿತಿರುತ್ತದೆ, ಅದಕ್ಕೇ ಸುಲಭವಾಗಿ ಒರೆಸಲು ಬರುತ್ತದೆ. ಅಗ್ಗದ ಮೆಲಮೈನ್ ಬೋರ್ಡ್ ಗೀರುಬಿದ್ದು ಸವೆದಾಗ ಆ ಪುಡಿ ಸಂದುಗಳಲ್ಲಿ ಇಳಿದು ಉಳಿದುಬಿಡುತ್ತದೆ. ಎನಾಮಲ್ ಬೋರ್ಡುಗಳಲ್ಲಿ ಇದು ಕಡಿಮೆ, ಆದರೆ ಅವುಗಳ ಗಾಜಿನಂಥ ಮೇಲ್ಮೈಯಲ್ಲಿ ಬೆಳಕಿನ ಮಚ್ಚೆ ಹೆಚ್ಚು ಚೂಪಾಗಿ ಬೀಳುತ್ತದೆ. ಹೊಸ ಬೋರ್ಡ್ ಕೊಳ್ಳುವವರು ಈ ಕೊಡುಕೊಳ್ಳುವಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ನನ್ನ ತೀರ್ಮಾನ: ತಿದ್ದಿದ, ಒರೆಸಿ ಮತ್ತೆ ಬರೆದ ಬೋರ್ಡಿಗೆ ಸಾದಾ ಕ್ಯಾಮೆರಾದ ಬಣ್ಣದ ಫೋಟೊವೇ ಮೂಲ ದಾಖಲೆ. ಹಂಚಲು ಚಂದದ ಪ್ರತಿ ಬೇಕಿದ್ದರೆ ಅದೇ ಫೋಟೊವನ್ನು ಆಮೇಲೆ ಆ್ಯಪ್‌ಗೆ ಕೊಟ್ಟು ಮಾಡಿಕೊಳ್ಳಿ, ಮೂಲವನ್ನು ಅಳಿಸಬೇಡಿ. ಕಪ್ಪು-ಬಿಳುಪು ಮೋಡ್ ಮಾತ್ರ ಬೋರ್ಡಿಗೆ ಯಾವಾಗಲೂ ಬೇಡ. ಕೆಂಪು ಎಂದರೆ ತುರ್ತು, ನೀಲಿ ಎಂದರೆ ಮಾಮೂಲು ಎಂದು ಬರೆದಿದ್ದರೆ ಅದರಲ್ಲಿ ಎರಡೂ ಒಂದೇ ಆಗುತ್ತವೆ, ಹಳದಿ ಮತ್ತು ಕಿತ್ತಳೆ ಬಣ್ಣದವು ಕಾಣದೇ ಹೋಗಬಹುದು.

ಎಲ್ಲ ಬೋರ್ಡಿಗೂ ಇಷ್ಟು ಎಚ್ಚರ ಬೇಕಿಲ್ಲ. ಅಕ್ಕಿ ಗಿರಣಿಯಲ್ಲಿ ಬೆಳಿಗ್ಗೆ ಪೂರ್ತಿ ಒರೆಸಿ, ಕಪ್ಪು ಮಾರ್ಕರಿನಲ್ಲಿ ಲಾರಿ ಸಂಖ್ಯೆ, ಚೀಲದ ಲೆಕ್ಕ ಬರೆಯುವ ಬೋರ್ಡಿಗೆ ವೈಟ್‌ಬೋರ್ಡ್ ಮೋಡ್ ಧಾರಾಳವಾಗಿ ಸಾಕು, ಸಾದಾ ಫೋಟೊಗಿಂತ ಅದೇ ಓದಲು ಸುಲಭ. ಅಲ್ಲಿ ಬಾಣವಿಲ್ಲ, ಮಸುಕಿಗೆ ಅರ್ಥವಿಲ್ಲ.

ಬಾಣಗಳು: ಅಕ್ಷರ ಗುರುತಿಸುವ ಆ್ಯಪೋ, ಕೈಬರಹದ ಪಟ್ಟಿಯೋ

ಚಿತ್ರದಲ್ಲಿನ ಅಕ್ಷರಗಳನ್ನು ಟೈಪ್ ಮಾಡಿದ ಪಠ್ಯವಾಗಿ ಬದಲಿಸುವ ಗೂಗಲ್ ಲೆನ್ಸ್, ಗೂಗಲ್ ಡಾಕ್ಸ್, ಟೆಸೆರ್ಯಾಕ್ಟ್ ಮುಂತಾದವು ಕನ್ನಡದ ಅಚ್ಚಿನ ಬರಹವನ್ನು ಓದುತ್ತವೆ. ಬೋರ್ಡಿನ ಕೈಬರಹದಲ್ಲಿ ಮಾತ್ರ ಇವು ಎಡವುತ್ತವೆ. ಟೆಸೆರ್ಯಾಕ್ಟಿನ ಕನ್ನಡ ಮಾದರಿಯಂತೂ ಅಚ್ಚಿನ ಅಕ್ಷರಕ್ಕೆಂದೇ ತರಬೇತಾದದ್ದು. ನಮ್ಮ ಕಡೆಯ ಬೋರ್ಡಿಗೆ ಇನ್ನೂ ಒಂದು ಕಷ್ಟವಿದೆ. ಒಂದೇ ಬೋರ್ಡಿನಲ್ಲಿ ಕನ್ನಡ, ಇಂಗ್ಲಿಷ್, ಅಂಕಿ ಮೂರೂ ಬೆರೆತಿರುತ್ತವೆ. ತೆಲುಗು ಓದಿ ಬೆಳೆದವರು ಕನ್ನಡ ಬರೆದರೆ ತಲೆಕಟ್ಟು ತೆಲುಗಿನ ಸರಿ ಗುರುತಿನಂತೆಯೇ ಬೀಳುತ್ತದೆ. ಯಂತ್ರ ಅದನ್ನು ತೆಲುಗೆಂದು ಓದಿದರೆ ಅದರದ್ದೇನೂ ತಪ್ಪಿಲ್ಲ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ಕೈಬರಹದಲ್ಲಿ ಒಂದೇ.

ಅಕ್ಷರಗಳನ್ನೆಲ್ಲ ಸರಿಯಾಗಿ ಓದಿತೆಂದೇ ಇಟ್ಟುಕೊಳ್ಳಿ. ಆಗಲೂ ಬಾಣ ಉಳಿಯುವುದಿಲ್ಲ. ಈ ಸಾಧನಗಳು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತವೆ. ಬಾಣದ ಗೆರೆ ಅಡ್ಡಗೆರೆಯಾಗಿಯೋ 7 ಆಗಿಯೋ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನಮ್ಮ ಬೋರ್ಡಿನ ಒಂದು ಸಾಲು ‘ಲಾಟ್ 14 ಸ್ಟೋನ್ ವಾಷ್’ ಎಂದು ಬಂದರೆ, ಅದು ಅಕ್ಷರಶಃ ಸರಿ, ಏಕೆಂದರೆ ಆ ಎರಡು ಮಾತುಗಳು ಒಂದೇ ಸಾಲಿನಲ್ಲಿ ಇದ್ದವು. ಎಂಜೈಮ್ ವಾಷ್ ಎರಡು ಸಾಲು ಕೆಳಗಿತ್ತು. ಅಕ್ಷರ ಒಂದೂ ತಪ್ಪದೆ ಅರ್ಥ ಪೂರ್ತಿ ತಿರುಗುಮುರುಗಾಗುವುದು ಇಂಥಲ್ಲಿ. ಓದಲು ಶುದ್ಧವಾಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಅದೇ ಇದರ ದೊಡ್ಡ ಅಪಾಯ.

ಹೀಗಾಗಿ ಬಾಣಗಳಿರುವ ಬೋರ್ಡಿಗೆ ನಾನು ಕೈಬರಹದ ಪಟ್ಟಿಯನ್ನೇ ಆರಿಸುತ್ತೇನೆ. ನೋಟ್‌ಬುಕ್ಕಿನಲ್ಲಿ ಅಥವಾ ಎಕ್ಸೆಲ್‌ನಲ್ಲಿ ಮೂರು ಕಾಲಂ ಹಾಕಿ: ಎಲ್ಲಿಂದ, ಎಲ್ಲಿಗೆ, ಏನೆಂದು. ಒಂದು ಬಾಣಕ್ಕೆ ಒಂದು ಸಾಲು. ಲಾಟ್ 14, ಎಂಜೈಮ್ ವಾಷ್, ‘ಮಧ್ಯಾಹ್ನ ಬದಲಾಯಿತು’. ಅದರ ಕೆಳಗೆ ಲಾಟ್ 14, ಸ್ಟೋನ್ ವಾಷ್, ‘ರದ್ದು’. ರದ್ದಾದದ್ದನ್ನೂ ಬರೆಯಬೇಕು. ಬರೆಯದಿದ್ದರೆ ಫೋಟೊದಲ್ಲಿ ಮಸುಕು ಬಾಣ ಕಂಡವರು ಪಟ್ಟಿಯಲ್ಲಿ ಅದು ಬಿಟ್ಟುಹೋಗಿದೆ ಎಂದು ಭಾವಿಸಿ ತಾವೇ ಸೇರಿಸಿಬಿಡುತ್ತಾರೆ.

ಮೂರನೆಯ ಕಾಲಂ ಏಕೆ ಎಂದರೆ ಎಲ್ಲ ಬಾಣವೂ ಒಂದೇ ಮಾತನ್ನು ಹೇಳುವುದಿಲ್ಲ. ‘ಇದಾದ ಮೇಲೆ ಅದು’ ಎಂಬ ಬಾಣ ಒಂದು, ‘ಇದರಿಂದಾಗಿ ಅದು’ ಎಂಬುದು ಇನ್ನೊಂದು, ‘ಇದನ್ನು ಅಲ್ಲಿಗೆ ಸರಿಸಿ’ ಎಂಬುದು ಮತ್ತೊಂದು. ಕೋಚಿಂಗ್ ತರಗತಿಯ ಬೋರ್ಡಿನಲ್ಲಿ ಕಾರಣದ ಬಾಣಕ್ಕೂ ಕಾಲಕ್ರಮದ ಬಾಣಕ್ಕೂ ವ್ಯತ್ಯಾಸ ತಿಳಿಯದೆ ನಕಲು ಮಾಡಿಕೊಂಡ ವಿದ್ಯಾರ್ಥಿ ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಾನೆ. ಎಳೆದವರು ಎದುರಿಗಿರುವಾಗಲೇ ಕೇಳಿ ಒಂದೆರಡು ಪದ ಬರೆದುಕೊಳ್ಳಬೇಕು. ಬಾಣದ ತಲೆ ಒರೆಸಿಹೋಗಿ ಬರೀ ಗೆರೆ ಉಳಿದಿದ್ದರೆ ದಿಕ್ಕನ್ನು ಊಹಿಸಬೇಡಿ, ‘ದಿಕ್ಕು ಗೊತ್ತಿಲ್ಲ’ ಎಂದೇ ಬರೆಯಿರಿ. ಎರಡು ಬಾಣಗಳು ಒಂದನ್ನೊಂದು ದಾಟುವ ಜಾಗದಲ್ಲಿ ಫೋಟೊ ಮೋಸ ಮಾಡುತ್ತದೆ, ಯಾವುದು ತಿರುಗಿತು ಯಾವುದು ನೇರ ಹೋಯಿತು ಎಂದು ಕಾಣುವುದಿಲ್ಲ. ಅಂಥ ಜಾಗವನ್ನು ಹತ್ತಿರ ಹೋಗಿ ಬೇರೆಯಾಗಿ ಒಂದು ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು.

ಹಾಗಾದರೆ ಅಕ್ಷರ ಗುರುತಿಸುವ ಆ್ಯಪ್ ಯಾವಾಗ ಬೇಕು? ದುಂಡಗೆ ಬರೆದ ಉದ್ದ ಪ್ಯಾರಾ ಇದ್ದು, ಬಾಣಗಳಿಲ್ಲದಿದ್ದು, ಬಂದ ಪಠ್ಯವನ್ನು ಬೋರ್ಡಿನ ಫೋಟೊ ಎದುರಿಟ್ಟುಕೊಂಡು ತಿದ್ದಲು ಸಮಯವಿದ್ದಾಗ. ಹಳೆಯ ಫೋಟೊಗಳ ರಾಶಿಯಲ್ಲಿ ‘ಎಂಜೈಮ್’ ಎಂಬ ಪದ ಯಾವುದರಲ್ಲಿದೆ ಎಂದು ಹುಡುಕಲೂ ಇದು ನೆರವಾಗುತ್ತದೆ. ಹುಡುಕಿದ ಮೇಲೆ ಓದಬೇಕಾದದ್ದು ಮಾತ್ರ ಫೋಟೊವನ್ನೇ.

ಕಳುಹಿಸುವಾಗ ಕೆಡುವುದು

ಇಷ್ಟೆಲ್ಲ ಜೋಪಾನವಾಗಿ ತೆಗೆದ ಫೋಟೊ ಕೊನೆಯ ಹೆಜ್ಜೆಯಲ್ಲಿ ಹಾಳಾಗುವುದುಂಟು. 12 ಮೆಗಾಪಿಕ್ಸೆಲ್ ಫೋಟೊದ ಅಗಲ ಸುಮಾರು 4000 ಪಿಕ್ಸೆಲ್. ಆರು ಅಡಿ ಎಂದರೆ 72 ಅಂಗುಲ, ಹಾಗಾಗಿ ಬೋರ್ಡಿನ ಒಂದು ಅಂಗುಲಕ್ಕೆ 55 ಪಿಕ್ಸೆಲ್ ಸಿಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳುಹಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಅಂಗುಲಕ್ಕೆ 22. ಅಂಗುಲ ಎತ್ತರದ ಕನ್ನಡ ಅಕ್ಷರದ ಒತ್ತು ಅರ್ಧ ಅಂಗುಲವೂ ಇರುವುದಿಲ್ಲ, ಅದಕ್ಕೆ ಹತ್ತು ಪಿಕ್ಸೆಲ್ ಸಿಕ್ಕರೆ ಹೆಚ್ಚು. ಎರಡು ಮಿಲಿಮೀಟರ್ ದಪ್ಪದ ಮಾರ್ಕರ್ ಗೆರೆ ಎರಡು ಪಿಕ್ಸೆಲ್ ಕೂಡ ತುಂಬುವುದಿಲ್ಲ. ಇಂಗ್ಲಿಷ್ ದೊಡ್ಡಕ್ಷರಗಳು ಇಷ್ಟರಲ್ಲೂ ಬದುಕುತ್ತವೆ, ನಮ್ಮ ಒತ್ತಕ್ಷರಗಳು ಬದುಕುವುದಿಲ್ಲ.

ಜೊತೆಗೆ ಜೆಪೆಗ್ ಸಂಕುಚನದಲ್ಲಿ ಸಾಮಾನ್ಯವಾಗಿ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಕಡಿಮೆ ಇಡುತ್ತಾರೆ. ತೆಳು ಕೆಂಪು, ತೆಳು ಹಸಿರು ಗೆರೆಗಳ ಬಣ್ಣ ಪಕ್ಕಕ್ಕೆ ಹರಡಿ ಬೂದಾಗುತ್ತದೆ. ಲಾಟ್ 14ರ ಬಾಣಗಳನ್ನು ಬೇರ್ಪಡಿಸಿದ್ದು ಬಣ್ಣ ಮತ್ತು ಅಂಚಿನ ಚೂಪು, ಎರಡೂ ಇಲ್ಲಿಯೇ ಹೋಗುತ್ತವೆ.

ಆದ್ದರಿಂದ ಗ್ರೂಪಿಗೆ ಹಾಕುವಾಗ ಗ್ಯಾಲರಿಯಿಂದ ಫೋಟೊ ಆಗಿ ಅಲ್ಲ, Document ಆಗಿ ಕಳುಹಿಸಿ, ಆಗ ಮೂಲ ಕಡತವೇ ಹೋಗುತ್ತದೆ. ಡೇಟಾ ಕಡಿಮೆಯಿದ್ದರೆ ಬೋರ್ಡನ್ನು ಎಡ ಅರ್ಧ, ಬಲ ಅರ್ಧ ಎಂದು ಎರಡು ಫೋಟೊ ತೆಗೆದು ಮಾಮೂಲಾಗಿ ಕಳುಹಿಸಬಹುದು, ಅರ್ಧ ಬೋರ್ಡಿಗೆ ಅಷ್ಟೇ ಪಿಕ್ಸೆಲ್‌ಗಳು ಸಿಗುವುದರಿಂದ ಅಕ್ಷರ ದೊಡ್ಡದಾಗುತ್ತದೆ. ಎರಡು ಅರ್ಧಗಳು ನಡುವೆ ಒಂದು ಅಡಿಯಷ್ಟು ಒಂದರ ಮೇಲೊಂದು ಬರುವಂತೆ ತೆಗೆಯಿರಿ. ಇಲ್ಲದಿದ್ದರೆ ಎಡದಿಂದ ಹೊರಟ ಬಾಣ ಬಲದಲ್ಲಿ ಯಾವುದಾಗಿ ಮುಂದುವರಿಯಿತು ಎಂದು ಹೇಳಲಾಗುವುದಿಲ್ಲ.

ಫೋಟೊದ ಕೆಳಗೆ ಮೂರು ಕಾಲಂನ ಪಟ್ಟಿಯನ್ನೂ ಟೈಪ್ ಮಾಡಿ ಹಾಕಿ, ಕೊನೆಯಲ್ಲಿ ‘ಒಟ್ಟು 11 ಬಾಣ, ಅದರಲ್ಲಿ 1 ರದ್ದು’ ಎಂಬಂತೆ ಎಣಿಕೆ ಬರೆಯಿರಿ. ಪಡೆದವರು ಫೋಟೊದಲ್ಲಿ ಎಣಿಸಿ ಹನ್ನೆರಡು ಕಂಡರೆ, ಬೋರ್ಡ್ ಒರೆಸುವ ಮೊದಲೇ ಫೋನ್ ಮಾಡಿ ಕೇಳಬಹುದು.